ಪದವೇ ಇಲ್ಲದ ಪದಪಟ್ಟಿ

1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ ಯೂನಿಕ್ಸ್‌ನ ಏಳನೇ ಆವೃತ್ತಿ ಹೊರಬಂತು. ಅದರಲ್ಲಿ `spell` ಎಂಬ ಪುಟ್ಟ ಪ್ರೋಗ್ರಾಮ್ ಇತ್ತು. ಟೈಪ್ ಮಾಡಿದ ಇಂಗ್ಲಿಷ್ ಬರಹವನ್ನು ಅದಕ್ಕೆ ಕೊಟ್ಟರೆ ಕಾಗುಣಿತ ತಪ್ಪಿದ ಪದಗಳನ್ನು ಹೆಕ್ಕಿ ತೋರಿಸುತ್ತಿತ್ತು. ಇಂದು ಮೊಬೈಲ್ ಕೀಬೋರ್ಡ್ ಕೂಡ ಮಾಡುವ ಕೆಲಸ ಅದು. ಆದರೆ ಆ ಕಾಲದ ಪಿಡಿಪಿ-11 ಯಂತ್ರದಲ್ಲಿ ಒಂದು ಪ್ರೋಗ್ರಾಮ್ ತನ್ನ ಮಾಹಿತಿಯನ್ನೆಲ್ಲ ಇಟ್ಟುಕೊಳ್ಳಲು ಸಿಗುತ್ತಿದ್ದದ್ದು 64 ಕಿಲೋಬೈಟ್ ಜಾಗ ಮಾತ್ರ. ನಿಘಂಟಿನಲ್ಲಿದ್ದದ್ದು ಸುಮಾರು 25,000 ಪದಗಳು. ಪದಕ್ಕೆ ಏಳೆಂಟು ಅಕ್ಷರವೆಂದು ಹಿಡಿದರೂ ಪಟ್ಟಿ ಆ ಜಾಗದ ಮೂರು ಪಟ್ಟು ಆಗುತ್ತದೆ.

ಪ್ರೋಗ್ರಾಮ್ ಬರೆದ ಡಗ್ ಮೆಕ್‌ಇಲ್‌ರಾಯ್ ಅವರು ಪದಗಳನ್ನು ಇಡುವ ಗೋಜಿಗೇ ಹೋಗಲಿಲ್ಲ. ಅವರು ಇಟ್ಟದ್ದು 4 ಲಕ್ಷ ಬಿಟ್‌ಗಳ, ಅಂದರೆ 50,000 ಬೈಟ್‌ಗಳ ಒಂದು ಸಾಲು. ಒಂದೊಂದು ಬಿಟ್‌ನಲ್ಲೂ ಸೊನ್ನೆ ಅಥವಾ ಒಂದು, ಅಷ್ಟೇ. ಇಡೀ ಸಾಲನ್ನು ಜಾಲಾಡಿದರೂ ಒಂದು ಪದವಾಗಲಿ, ಪದದ ಒಂದು ಅಕ್ಷರವಾಗಲಿ ಸಿಗುವುದಿಲ್ಲ. ಆದರೂ ಒಂದು ಪದ ನಿಘಂಟಿನಲ್ಲಿದೆಯೇ ಎಂದು ಕೇಳಿದರೆ ಅದು ಉತ್ತರ ಹೇಳುತ್ತಿತ್ತು. ನಿಘಂಟಿನಲ್ಲಿರುವ ಪದವನ್ನು ಎಂದೂ ‘ಇಲ್ಲ’ ಎನ್ನುತ್ತಿರಲಿಲ್ಲ. ನಿಘಂಟಿನಲ್ಲಿಲ್ಲದ ಪದಗಳ ಪೈಕಿ ಮಾತ್ರ ಸರಿಸುಮಾರು ಎರಡು ಸಾವಿರಕ್ಕೆ ಒಂದನ್ನು ‘ಇದೆ’ ಎಂದು ಬಿಟ್ಟುಕೊಡುತ್ತಿತ್ತು.

ಈ ತಂತ್ರಕ್ಕೆ ಬ್ಲೂಮ್ ಫಿಲ್ಟರ್ ಎಂದು ಹೆಸರು. 1970ರಲ್ಲಿ ಬರ್ಟನ್ ಬ್ಲೂಮ್ ಎಂಬವರು ‘ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಂ’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲವೇ ಪುಟಗಳ ಲೇಖನದಲ್ಲಿ ಇದು ಮೊದಲು ಬಂತು. ಇದರ ತಪ್ಪು ಉತ್ತರ ಹುಟ್ಟುವ ಬಗೆ ನನಗೆ ಈ ತಂತ್ರದಲ್ಲೇ ಅತ್ಯಂತ ಸ್ವಾರಸ್ಯದ ಭಾಗವೆನಿಸುತ್ತದೆ. ಅದು ಕೆಟ್ಟುಹೋದ ಯಂತ್ರದ ತಪ್ಪಲ್ಲ, ಬರೆದವರ ಅಜಾಗರೂಕತೆಯೂ ಅಲ್ಲ. ಜಾಗ ಉಳಿಸಿದ್ದಕ್ಕೆ ಕೊಡಬೇಕಾದ ಬೆಲೆ ಅದು, ಎಷ್ಟು ಕೊಡಬೇಕೆಂಬುದನ್ನು ಮೊದಲೇ ಲೆಕ್ಕಹಾಕಿ ಇಟ್ಟುಕೊಳ್ಳಬಹುದು. ಕಾಗದ, ಪೆನ್ಸಿಲ್ ಹಿಡಿದು ಒಂದು ಪುಟ್ಟ ಫಿಲ್ಟರನ್ನು ನಾವೇ ಕಟ್ಟಿದರೆ ಆ ತಪ್ಪು ಕಣ್ಣೆದುರಿಗೇ ಹುಟ್ಟುವುದನ್ನು ನೋಡಬಹುದು.

ಒಂದು ಚೆಕ್‌ಪೋಸ್ಟ್ ಇದೆ ಎಂದುಕೊಳ್ಳೋಣ. ಕಳವಾದ ನಾಲ್ಕು ವಾಹನಗಳ ನಂಬರುಗಳು ಅಲ್ಲಿಗೆ ಬಂದಿವೆ. ಸರಣಿಯ ಅಕ್ಷರಗಳನ್ನು ಬಿಟ್ಟು ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ತೆಗೆದುಕೊಳ್ಳೋಣ: 4125, 1806, 7340, 9572. ಈಗ ಒಂದು ಕಾಗದದ ಮೇಲೆ 0ಯಿಂದ 22ರವರೆಗೆ 23 ಮನೆಗಳನ್ನು ಗೀಚಿ. ಎಲ್ಲವೂ ಖಾಲಿ.

ಯಾವ ನಂಬರು ಯಾವ ಮನೆಗೆ ಹೋಗಬೇಕೆಂದು ಹೇಳುವ ನಿಯಮವೇ ಹ್ಯಾಶ್ ಫಂಕ್ಷನ್. ನಿಯಮ ಯಾವುದಾದರೂ ಆಗಬಹುದು, ಆದರೆ ಎರಡು ಗುಣ ಇರಲೇಬೇಕು. ಒಂದೇ ನಂಬರಿಗೆ ಅದು ಯಾವಾಗಲೂ ಒಂದೇ ಮನೆಯನ್ನು ಹೇಳಬೇಕು. ಬೇರೆ ಬೇರೆ ನಂಬರುಗಳನ್ನು ಎಲ್ಲ ಮನೆಗಳಿಗೂ ಚೆನ್ನಾಗಿ ಹರಡಬೇಕು. ನಾವು ಭಾಗಾಕಾರದ ಶೇಷವನ್ನೇ ನಿಯಮ ಮಾಡಿಕೊಳ್ಳೋಣ. ನಂಬರನ್ನು 23ರಿಂದ ಭಾಗಿಸಿದಾಗ ಉಳಿಯುವ ಶೇಷ ಮೊದಲನೆಯ ಹ್ಯಾಶ್, 19ರಿಂದ ಭಾಗಿಸಿದಾಗ ಉಳಿಯುವುದು ಎರಡನೆಯದು, 17ರಿಂದ ಭಾಗಿಸಿದಾಗ ಉಳಿಯುವುದು ಮೂರನೆಯದು. ಮೆಕ್‌ಇಲ್‌ರಾಯ್ ಅವರದೂ ಇದೇ ದಾರಿ. ಪದದ ಅಕ್ಷರಗಳನ್ನು ಕೂಡಿಸಿ ಒಂದು ದೊಡ್ಡ ಸಂಖ್ಯೆ ಮಾಡಿ, 4 ಲಕ್ಷಕ್ಕಿಂತ ಸ್ವಲ್ಪವೇ ಚಿಕ್ಕದಾದ 11 ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ಶೇಷ ತೆಗೆಯುತ್ತಿದ್ದರು.

4125ನ್ನು 23ರಿಂದ ಭಾಗಿಸಿದರೆ 8 ಉಳಿಯುತ್ತದೆ, 19ರಿಂದ ಭಾಗಿಸಿದರೆ 2, 17ರಿಂದ ಭಾಗಿಸಿದರೆ 11. ಹಾಗಾಗಿ 8, 2 ಮತ್ತು 11ನೇ ಮನೆಗಳಲ್ಲಿ ಗುರುತು ಹಾಕಿ. 1806ಕ್ಕೆ ಸಿಗುವುದು 12, 1, 4. 7340ಕ್ಕೆ 3, 6, 13. 9572ಕ್ಕೆ 4, 15, 1. ಕೊನೆಯ ನಂಬರು ಬಂದಾಗ 4 ಮತ್ತು 1ನೇ ಮನೆಗಳಲ್ಲಿ ಆಗಲೇ ಗುರುತು ಬಿದ್ದಿತ್ತು. ಗುರುತಿದ್ದ ಕಡೆ ಮತ್ತೆ ಗುರುತು ಹಾಕಿದರೆ ಏನೂ ಬದಲಾಗುವುದಿಲ್ಲ. ಹನ್ನೆರಡು ಸಲ ಗುರುತು ಹಾಕಿದರೂ ತುಂಬಿದ್ದು ಹತ್ತು ಮನೆ ಮಾತ್ರ. ಈಗ ನಮ್ಮ ಸಾಲು ಹೀಗಿದೆ, ಎಡತುದಿಯದು 0ನೇ ಮನೆ:

```
01111010100111010000000
```

ಇನ್ನು ನಂಬರುಗಳ ಪಟ್ಟಿಯನ್ನು ಮಡಚಿ ಒಳಗಿಡಬಹುದು. ಚೆಕ್‌ಪೋಸ್ಟ್‌ನಲ್ಲಿ ನಿಂತವರ ಕೈಯಲ್ಲಿರುವುದು ಈ ಸಾಲು ಮಾತ್ರ. 5631 ಎಂಬ ವಾಹನ ಬಂತು. 23ರಿಂದ ಭಾಗಿಸಿದರೆ ಶೇಷ 19, ಆ ಮನೆ ಖಾಲಿ. 5631 ಪಟ್ಟಿಯಲ್ಲಿದ್ದಿದ್ದರೆ ಅಲ್ಲಿ ಗುರುತು ಬಿದ್ದೇ ಇರಬೇಕಿತ್ತು. ಬಿದ್ದಿಲ್ಲ, ಹಾಗಾಗಿ ಈ ವಾಹನ ಪಟ್ಟಿಯಲ್ಲಿ ಖಂಡಿತ ಇಲ್ಲ. ಉಳಿದ ಎರಡು ಭಾಗಾಕಾರಗಳೂ ಬೇಕಿಲ್ಲ. ಮುಂದಿನದು 2602. 23ರ ಶೇಷ 3, ಅಲ್ಲಿ ಗುರುತಿದೆ. 19ರ ಶೇಷ 18, ಅದು ಖಾಲಿ. ಇದೂ ಖಂಡಿತ ಇಲ್ಲ, ಹೋಗಲಿ.

ಈಗ 1912 ಬರುತ್ತದೆ. 23ರ ಶೇಷ 3, ಗುರುತಿದೆ. 19ರ ಶೇಷ 12, ಗುರುತಿದೆ. 17ರ ಶೇಷ 8, ಅಲ್ಲೂ ಗುರುತಿದೆ. ಮೂರೂ ಮನೆ ತುಂಬಿರುವುದರಿಂದ ನಮ್ಮ ಸಾಲು ‘ಇದೆ’ ಎನ್ನುತ್ತದೆ. ಆದರೆ ಮಡಚಿಟ್ಟ ಪಟ್ಟಿಯಲ್ಲಿ 1912 ಇಲ್ಲವೇ ಇಲ್ಲ. ಇದೇ ಫಾಲ್ಸ್ ಪಾಸಿಟಿವ್, ಸುಳ್ಳು ‘ಹೌದು’.

ಆ ಮೂರು ಗುರುತುಗಳನ್ನು ಹಾಕಿದ್ದು ಯಾರೆಂದು ಹಿಂದಿರುಗಿ ನೋಡಿ. 3ನೇ ಮನೆಯದು 7340ರಿಂದ ಬಂದದ್ದು. 12ನೆಯದು 1806 ಹಾಕಿದ್ದು. 8ನೆಯದು 4125 ಹಾಕಿದ್ದು. ಮೂರು ಬೇರೆ ಬೇರೆ ವಾಹನಗಳು ತಮ್ಮ ತಮ್ಮ ಕಾರಣಕ್ಕೆ ಬಿಟ್ಟುಹೋದ ಗುರುತುಗಳು 1912ರ ಪಾಲಿಗೆ ಒಟ್ಟಾಗಿ ಸಾಕ್ಷಿ ಹೇಳಿಬಿಟ್ಟವು. ಅವುಗಳಲ್ಲಿ ಯಾವ ನಂಬರಿಗೂ 1912ಕ್ಕೂ ಸಂಬಂಧವಿಲ್ಲ, ಯಾವುದೂ ಅದನ್ನು ಹೋಲುವುದೂ ಇಲ್ಲ. ಒಂದು ಮನೆಯಲ್ಲಿ ಗುರುತಿದೆ ಎಂಬುದಷ್ಟೇ ಸಾಲಿಗೆ ಗೊತ್ತು. ಯಾರು ಹಾಕಿದರು, ಎಷ್ಟು ಸಲ ಹಾಕಿದರು, ಯಾವ ಮೂರು ಗುರುತುಗಳು ಒಂದೇ ನಂಬರಿಗೆ ಸೇರಿದವು ಎಂಬುದೆಲ್ಲ ಗುರುತು ಹಾಕುವ ಕ್ಷಣದಲ್ಲೇ ಅಳಿಸಿಹೋಗುತ್ತದೆ. ಜಾಗ ಉಳಿಯುವುದು ಈ ಮರೆವಿನಿಂದ. ತಪ್ಪು ಹುಟ್ಟುವುದೂ ಇದೇ ಮರೆವಿನಿಂದ.

ಸುಳ್ಳು ‘ಇಲ್ಲ’ ಯಾಕೆ ಬರುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಗುರುತು ಒಮ್ಮೆ ಬಿದ್ದರೆ ಹೋಗುವುದಿಲ್ಲ. 4125 ಹಾಕಿದ ಮೂರು ಗುರುತುಗಳು ಎಷ್ಟು ನಂಬರುಗಳನ್ನು ಸೇರಿಸಿದರೂ ಅಲ್ಲೇ ಇರುತ್ತವೆ. ಹಾಗಾಗಿ 4125ನ್ನು ಕೇಳಿದಾಗಲೆಲ್ಲ ಮೂರೂ ಮನೆ ತುಂಬಿಯೇ ಇರುತ್ತವೆ.

ಹಾಗಾದರೆ ಗುರುತು ಅಳಿಸಿದರೆ? 9572 ಪತ್ತೆಯಾಯಿತು, ಅದನ್ನು ಪಟ್ಟಿಯಿಂದ ತೆಗೆಯಬೇಕು ಎಂದುಕೊಳ್ಳಿ. 4, 15, 1ನೇ ಮನೆಗಳನ್ನು ಖಾಲಿ ಮಾಡಿದೆವು. ಮರುಗಳಿಗೆಯಲ್ಲೇ 1806 ಬಂದರೆ 12ನೇ ಮನೆ ತುಂಬಿದೆ, ಆದರೆ 1 ಮತ್ತು 4 ಖಾಲಿ. ಇನ್ನೂ ಪತ್ತೆಯಾಗದ ವಾಹನಕ್ಕೆ ಸಾಲು ‘ಖಂಡಿತ ಇಲ್ಲ’ ಎಂದುಬಿಡುತ್ತದೆ. ಒಂದು ನಂಬರನ್ನು ಅಳಿಸಲು ಹೋಗಿ ಇನ್ನೊಂದನ್ನೂ ಕಳೆದುಕೊಂಡೆವು. ಈ ಕಾರಣಕ್ಕೆ ಸಾದಾ ಬ್ಲೂಮ್ ಫಿಲ್ಟರಿನಲ್ಲಿ ಸೇರಿಸುವುದುಂಟು, ತೆಗೆಯುವುದಿಲ್ಲ. ತೆಗೆಯಲೇಬೇಕಾದ ಕಡೆ ಒಂದೊಂದು ಮನೆಯಲ್ಲೂ ಒಂದು ಬಿಟ್‌ನ ಬದಲು ಪುಟ್ಟ ಎಣಿಕೆಯನ್ನು ಇಡುತ್ತಾರೆ, ಸೇರಿಸುವಾಗ ಒಂದು ಕೂಡಿಸಿ ತೆಗೆಯುವಾಗ ಒಂದು ಕಳೆಯುತ್ತಾರೆ. ಮನೆಗೆ ನಾಲ್ಕು ಬಿಟ್ ಕೊಡುವುದು ವಾಡಿಕೆ, ಅಂದರೆ ಜಾಗ ನಾಲ್ಕು ಪಟ್ಟು ಬೇಕು.

ಇನ್ನು 1912ರಂಥವು ಎಷ್ಟು? ನಮ್ಮ ಪುಟ್ಟ ಸಾಲಿನಲ್ಲಿ ಇದನ್ನು ಬೆರಳು ಮಡಚಿ ಎಣಿಸಬಹುದು. ತುಂಬಿದ ಹತ್ತೂ ಮನೆಗಳು 17ಕ್ಕಿಂತ ಕೆಳಗೇ ಇವೆ. 23 ಶೇಷಗಳಲ್ಲಿ 10, 19ರಲ್ಲಿ 10, 17ರಲ್ಲಿ 10 ಪಾಸಾಗುತ್ತವೆ. ಮೂರನ್ನೂ ಗುಣಿಸಿದರೆ 7429ಕ್ಕೆ 1000, ಅಂದರೆ ನೂರಕ್ಕೆ ಹದಿಮೂರಕ್ಕೂ ಸ್ವಲ್ಪ ಹೆಚ್ಚು. ಚೆಕ್‌ಪೋಸ್ಟ್ ದಾಟುವ ನೂರು ಅಮಾಯಕ ವಾಹನಗಳಲ್ಲಿ ಹದಿಮೂರನ್ನು ತಡೆಯುವ ಫಿಲ್ಟರ್ ಕೆಲಸಕ್ಕೆ ಬಾರದು. 23 ಮನೆಗಳ ಆಟಿಕೆಯಿಂದ ಅದಕ್ಕಿಂತ ಹೆಚ್ಚಿನದನ್ನು ಕೇಳುವಂತೆಯೂ ಇಲ್ಲ.

ನಿಜವಾದ ಫಿಲ್ಟರ್ ಕಟ್ಟುವವರು ಮೂರು ಸಂಖ್ಯೆಗಳನ್ನು ತೂಗಿ ನೋಡುತ್ತಾರೆ: ಪಟ್ಟಿಯಲ್ಲಿ ಎಷ್ಟು ಹೆಸರು, ಸಾಲಿನಲ್ಲಿ ಎಷ್ಟು ಮನೆ, ಎಷ್ಟು ಹ್ಯಾಶ್. ಮೊದಲೆರಡು ಸಾಮಾನ್ಯವಾಗಿ ಕೈಯಲ್ಲಿರುವುದಿಲ್ಲ. ಪಟ್ಟಿ ಇದ್ದಷ್ಟು ಇರುತ್ತದೆ, ಮೆಮೊರಿ ಸಿಕ್ಕಷ್ಟು ಸಿಗುತ್ತದೆ. ನಮ್ಮ ಆಯ್ಕೆಗೆ ಉಳಿಯುವುದು ಮೂರನೆಯದು. ಹ್ಯಾಶ್ ಹೆಚ್ಚಿದಷ್ಟೂ ಪರೀಕ್ಷೆ ಬಿಗಿಯಾಗುತ್ತದೆ ಎಂದು ಮೊದಲು ಅನಿಸುತ್ತದೆ. ಹತ್ತು ಮನೆಗಳೂ ತುಂಬಿರಬೇಕೆಂಬ ಷರತ್ತನ್ನು ದಾಟುವುದು ಎರಡು ಮನೆಗಳ ಷರತ್ತಿಗಿಂತ ಕಷ್ಟವೇ ತಾನೆ? ಆದರೆ ಹ್ಯಾಶ್ ಹೆಚ್ಚಿದಷ್ಟೂ ಒಂದೊಂದು ಹೆಸರೂ ಹೆಚ್ಚು ಮನೆ ತುಂಬುತ್ತದೆ. ಸಾಲು ಬೇಗ ತುಂಬಿದರೆ ಹತ್ತು ಮನೆಗಳ ಷರತ್ತೂ ಸಲೀಸಾಗುತ್ತದೆ. ಈ ಎಳೆದಾಟದಲ್ಲಿ ಎಲ್ಲೋ ಒಂದು ನಡುವಿನ ಜಾಗವಿದೆ. ಲೆಕ್ಕ ಮಾಡಿದರೆ ಅದು ಸಿಗುವುದು ಸಾಲು ಸರಿಯಾಗಿ ಅರ್ಧ ತುಂಬಿದಾಗ.

`spell` ಪ್ರೋಗ್ರಾಮನ್ನೇ ತೆಗೆದುಕೊಳ್ಳಿ. 25,000 ಪದಕ್ಕೆ 4 ಲಕ್ಷ ಬಿಟ್, ಅಂದರೆ ಪದಕ್ಕೆ 16 ಬಿಟ್. ಒಂದೇ ಹ್ಯಾಶ್ ಇದ್ದರೆ ನೂರು ತಪ್ಪು ಪದಗಳಲ್ಲಿ ಆರು ನುಸುಳುತ್ತವೆ. 30 ಹ್ಯಾಶ್ ಇಟ್ಟರೆ ಸಾಲಿನ ಶೇಕಡ 85ರಷ್ಟು ತುಂಬಿಹೋಗಿ ಸಾವಿರಕ್ಕೆ ಏಳು ನುಸುಳುತ್ತವೆ. 11 ಹ್ಯಾಶ್‌ಗಳಿಗೆ ಸಾಲು ಹೆಚ್ಚುಕಡಿಮೆ ಅರ್ಧ ತುಂಬುತ್ತದೆ. ಆಗ ತಪ್ಪು ಪದವೊಂದಕ್ಕೆ ಪ್ರತಿ ಮನೆಯಲ್ಲೂ ಪಾಸಾಗುವ ಸಾಧ್ಯತೆ ಅರ್ಧ. ಹನ್ನೊಂದು ಸಲ ಅರ್ಧ ಮಾಡುತ್ತ ಹೋದರೆ 2048ಕ್ಕೆ ಒಂದು. ಮೆಕ್‌ಇಲ್‌ರಾಯ್ ಈ ಲೆಕ್ಕವನ್ನು ಪ್ರೋಗ್ರಾಮಿನ ಒಳಗೇ ಟಿಪ್ಪಣಿಯಾಗಿ ಬರೆದಿಟ್ಟಿದ್ದರು, ಇಂದಿಗೂ ಓದಬಹುದು. ಒಂದು ಬರಹದಲ್ಲಿ ಇಪ್ಪತ್ತು ಕಾಗುಣಿತ ತಪ್ಪಿದ್ದರೆ, ಅಂಥ ನೂರು ಬರಹಗಳನ್ನು ತಿದ್ದುವಾಗ ಒಂದೇ ಒಂದು ತಪ್ಪು ಕಣ್ತಪ್ಪಿಸಿಕೊಂಡೀತು. 64 ಕಿಲೋಬೈಟ್ ಒಳಗೆ ಕಾಗುಣಿತ ತಿದ್ದುವವರಿಗೆ ಇದು ಒಪ್ಪುವ ವ್ಯಾಪಾರವೇ.

ಅದೇ ಸಾಲಿಗೆ ಇನ್ನಷ್ಟು ಪದ ತುರುಕಿದರೆ ಏನಾಗುತ್ತದೆ ನೋಡಿ. 30,000 ಪದಕ್ಕೆ ಹೋದರೆ ತಪ್ಪು ಸುಮಾರು 570ಕ್ಕೆ ಒಂದಾಗುತ್ತದೆ. 50,000ಕ್ಕೆ ಹೋದರೆ ನೂರಕ್ಕೆ ನಾಲ್ಕು. ಪದಗಳು ಇಮ್ಮಡಿಯಾದವು, ತಪ್ಪು ಎಂಬತ್ತು ಪಟ್ಟಿಗಿಂತಲೂ ಹೆಚ್ಚಾಯಿತು. ಫಿಲ್ಟರ್ ತುಂಬಿತೆಂದು ಯಾವ ಗಂಟೆಯೂ ಬಾರಿಸುವುದಿಲ್ಲ, ಜಾಗ ಸಾಲದು ಎಂಬ ಸಂದೇಶವೂ ಬರುವುದಿಲ್ಲ. ಸೇರಿಸಿದ್ದನ್ನೆಲ್ಲ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ, ‘ಇದೆ’ ಎನ್ನುವ ಉತ್ತರಗಳು ಮಾತ್ರ ಹೆಚ್ಚುತ್ತ ಹೋಗುತ್ತವೆ. ಎಲ್ಲ ಮನೆಯೂ ತುಂಬಿದ ದಿನ ಏನು ಕೇಳಿದರೂ ‘ಇದೆ’. `spell`ನ ನಿಘಂಟು 30,000 ಪದಗಳಿಗೆ ಬೆಳೆದಾಗ ಮೆಕ್‌ಇಲ್‌ರಾಯ್ ಈ ತಂತ್ರವನ್ನೇ ಬಿಟ್ಟು, ಪದಗಳ ಹ್ಯಾಶ್ ಸಂಖ್ಯೆಗಳನ್ನು ಒತ್ತಿ ಅಡಕಮಾಡಿ ಇಡುವ ಇನ್ನೊಂದು ವಿಧಾನಕ್ಕೆ ಹೋದರು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಓದಿಕೊಂಡವರೂ ಇಲ್ಲಿ ಎಡವುತ್ತಾರೆ. ತಪ್ಪಿನ ಸಾಧ್ಯತೆ 2048ಕ್ಕೆ ಒಂದು ಎಂದರೆ ಒಂದೇ ಪದವನ್ನು 2048 ಸಲ ಕೇಳಿದಾಗ ಒಂದು ಸಲ ತಪ್ಪುತ್ತದೆ ಎಂದಲ್ಲ. ಫಿಲ್ಟರಿನೊಳಗೆ ಅದೃಷ್ಟದ ಆಟ ಏನೂ ನಡೆಯುವುದಿಲ್ಲ. ಹ್ಯಾಶ್ ಪ್ರತಿ ಸಲವೂ ಅದೇ ಮನೆಗಳನ್ನು ಹೇಳುತ್ತದೆ. ನಮ್ಮ 1912 ಇಂದು ಸಿಕ್ಕಿಬಿದ್ದರೆ ನಾಳೆಯೂ ಸಿಕ್ಕಿಬೀಳುತ್ತದೆ, ಆ ಚೆಕ್‌ಪೋಸ್ಟ್ ದಾಟಿದಾಗಲೆಲ್ಲ ಸಿಕ್ಕಿಬೀಳುತ್ತದೆ. 5631ಕ್ಕೆ ಎಂದೂ ತೊಂದರೆಯಿಲ್ಲ. ತಪ್ಪು ಎಲ್ಲರ ಮೇಲೂ ಒಂದಿಷ್ಟಿಷ್ಟು ಹಂಚಿಹೋಗದೆ ಕೆಲವೇ ನಂಬರುಗಳ ಮೇಲೆ ಪೂರ್ತಿಯಾಗಿ ಕೂತಿರುತ್ತದೆ. ಅನುಮಾನ ಬಂದು ಮತ್ತೊಮ್ಮೆ ಪರೀಕ್ಷಿಸಿದರೂ ಪ್ರಯೋಜನವಿಲ್ಲ, ಉತ್ತರ ಬದಲಾಗದು. ಅದೇ ಸಾಲು, ಅದೇ ಹ್ಯಾಶ್‌ಗಳನ್ನು ನೂರು ಚೆಕ್‌ಪೋಸ್ಟ್‌ಗಳಿಗೆ ನಕಲು ಮಾಡಿ ಕೊಟ್ಟರೆ ಆ ಒಬ್ಬ ವಾಹನದ ಮಾಲೀಕರಿಗೆ ನೂರು ಕಡೆಯೂ ಅದೇ ಪಾಡು. ಒಂದೊಂದು ಕಡೆ ಬೇರೆ ಬೇರೆ ಹ್ಯಾಶ್ ಇಟ್ಟರೆ ಮಾತ್ರ ಅವರಿಗೆ ಒಂದು ಕಡೆಯ ತಪ್ಪು ಇನ್ನೊಂದು ಕಡೆ ತಪ್ಪುತ್ತದೆ.

ಆದ್ದರಿಂದ ‘ಇದೆ’ ಎಂಬ ಉತ್ತರ ಬಂದ ಮೇಲೆ ಏನು ಮಾಡುತ್ತೇವೆ ಎಂಬುದು ಮುಖ್ಯ. ಬ್ಲೂಮ್ ತಮ್ಮ ಲೇಖನದಲ್ಲಿ ಕೊಟ್ಟ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಸಾಲಿನ ಕೊನೆಯಲ್ಲಿ ಇಂಗ್ಲಿಷ್ ಪದವನ್ನು ಎಲ್ಲಿ ಒಡೆದು ಅಡ್ಡಗೆರೆ ಹಾಕಬೇಕೆಂದು ಹೇಳುವ ಪ್ರೋಗ್ರಾಮ್ ಅದು. 5 ಲಕ್ಷ ಪದಗಳಲ್ಲಿ ನಾಲ್ಕೂವರೆ ಲಕ್ಷಕ್ಕೆ ಸರಳ ನಿಯಮಗಳೇ ಸಾಕು. ಉಳಿದ 50,000ಕ್ಕೆ ಮಾತ್ರ ಡಿಸ್ಕಿನಲ್ಲಿರುವ ನಿಘಂಟನ್ನು ತೆರೆಯಬೇಕು, ಡಿಸ್ಕ್ ಓದುವುದು ಬಹಳ ನಿಧಾನ. ಆ 50,000 ಪದಗಳ ಫಿಲ್ಟರನ್ನು ಮೆಮೊರಿಯಲ್ಲಿಟ್ಟು, ‘ಇಲ್ಲ’ ಎಂದ ಪದಕ್ಕೆ ನಿಯಮ ಹಚ್ಚಿ, ‘ಇದೆ’ ಎಂದ ಪದಕ್ಕೆ ಮಾತ್ರ ಡಿಸ್ಕ್ ನೋಡುವುದು ಅವರ ಉಪಾಯ. ಫಿಲ್ಟರ್ ಸುಳ್ಳು ‘ಇದೆ’ ಹೇಳಿದರೆ ಡಿಸ್ಕನ್ನು ಒಮ್ಮೆ ವೃಥಾ ಓದಿದ್ದಾಯಿತು, ಅಲ್ಲಿ ಪದ ಸಿಗದಿದ್ದಾಗ ನಿಯಮವನ್ನೇ ಹಚ್ಚುತ್ತೇವೆ. ಕೊನೆಯ ಉತ್ತರ ಸರಿಯೇ ಇರುತ್ತದೆ. `spell`ನಲ್ಲಿ ಹಿಂದಿನಿಂದ ನೋಡುವ ನಿಘಂಟು ಇರಲಿಲ್ಲ, ಅಲ್ಲಿ ಫಿಲ್ಟರ್ ಹೇಳಿದ್ದೇ ಕೊನೆ. ಒಂದೇ ತಂತ್ರ, ಒಂದೇ ಬಗೆಯ ತಪ್ಪು. ಒಂದು ಕಡೆ ಅದು ಒಂದಿಷ್ಟು ಸಮಯದ ನಷ್ಟ, ಇನ್ನೊಂದು ಕಡೆ ಓದುಗರ ಕೈಗೆ ಹೋಗುವ ಅಚ್ಚಿನ ತಪ್ಪು.

ಚೆಕ್‌ಪೋಸ್ಟ್‌ಗೆ ದೊಡ್ಡ ಫಿಲ್ಟರ್ ಕೊಟ್ಟು ತಪ್ಪನ್ನು ನೂರಕ್ಕೆ ಒಂದಕ್ಕೆ ಇಳಿಸಿದೆವು ಎಂದುಕೊಳ್ಳಿ. ದಿನಕ್ಕೆ 10,000 ವಾಹನ ಹೋಗುತ್ತವೆ, ಅವುಗಳಲ್ಲಿ ನಿಜವಾಗಿ ಕಳವಾದದ್ದು ಎರಡು. ಆ ಎರಡೂ ಸಿಕ್ಕಿಬೀಳುತ್ತವೆ. ಜೊತೆಗೆ ಏನೂ ತಪ್ಪಿಲ್ಲದ ಸುಮಾರು ನೂರು ವಾಹನಗಳೂ ಸಿಕ್ಕಿಬೀಳುತ್ತವೆ. ಶೇಕಡ ಒಂದು ತಪ್ಪು ಎಂದು ಕೇಳಿದವರು, ‘ಇದೆ’ ಎಂದದ್ದರಲ್ಲಿ ಶೇಕಡ 99 ನಿಜ ಎಂದು ತಿಳಿದುಬಿಡುತ್ತಾರೆ. ಇಲ್ಲಿ ಆದದ್ದು ಅದರ ತಿರುಗುಮುರುಗು: 102 ‘ಇದೆ’ಗಳಲ್ಲಿ ನೂರು ಸುಳ್ಳು. ಹುಡುಕುವ ವಸ್ತು ಅಪರೂಪವಾದಷ್ಟೂ ಹೀಗಾಗುತ್ತದೆ. ಈ ಸಾಲನ್ನೇ ನಂಬಿ ಕೇಸು ಹಾಕಿದರೆ ಅದು ಅನ್ಯಾಯ. ಆದರೆ ಸಾಲನ್ನು ಮೊದಲ ಜರಡಿಯಾಗಿ ಇಟ್ಟುಕೊಂಡು, ಆ 102 ನಂಬರುಗಳನ್ನಷ್ಟೇ ಮೂಲ ಪಟ್ಟಿಯಲ್ಲಿ ಹುಡುಕಿದರೆ ಉಳಿದ 9,898 ಹುಡುಕಾಟ ಉಳಿಯಿತು, ಯಾರಿಗೂ ಅನ್ಯಾಯವೂ ಆಗಲಿಲ್ಲ.

ಇಂದಿನ ದೊಡ್ಡ ಡೇಟಾಬೇಸ್‌ಗಳಲ್ಲಿ ಬ್ಲೂಮ್ ಫಿಲ್ಟರ್ ಕೂತಿರುವುದು ಸರಿಯಾಗಿ ಈ ಜಾಗದಲ್ಲಿ. ಕಸ್ಸಾಂಡ್ರಾ ಎಂಬ ಡೇಟಾಬೇಸ್ ಮಾಹಿತಿಯನ್ನು ಡಿಸ್ಕಿನ ಹಲವು ಫೈಲುಗಳಲ್ಲಿ ಹರಡಿ ಬರೆಯುತ್ತದೆ. ಒಂದು ದಾಖಲೆ ಬೇಕೆಂದಾಗ ಅದು ಯಾವ ಫೈಲಿನಲ್ಲಿದೆ ಎಂದು ಎಲ್ಲವನ್ನೂ ತೆರೆದು ನೋಡುತ್ತ ಹೋದರೆ ಕೆಲಸ ಮುಗಿಯುವುದಿಲ್ಲ. ಹಾಗಾಗಿ ಪ್ರತಿ ಫೈಲಿಗೂ ಒಂದು ಫಿಲ್ಟರ್ ಮೆಮೊರಿಯಲ್ಲಿರುತ್ತದೆ, ‘ಇಲ್ಲ’ ಎಂದ ಫೈಲನ್ನು ಮುಟ್ಟುವುದೇ ಇಲ್ಲ. `bloom_filter_fp_chance` ಎಂಬ ಸೆಟ್ಟಿಂಗ್‌ನಲ್ಲಿ ಎಷ್ಟು ತಪ್ಪನ್ನು ಸಹಿಸಬಹುದೆಂದು ನಾವೇ ಹೇಳಬಹುದು. 0.01 ಎಂದರೆ ನೂರಕ್ಕೆ ಒಂದು. ಅದಕ್ಕೆ ಹೆಸರೊಂದಕ್ಕೆ ಬೇಕಾಗುವುದು 9.6 ಬಿಟ್, ಹ್ಯಾಶ್ ಏಳು. ಹೆಸರು ನಾಲ್ಕಂಕಿಯ ನಂಬರೇ ಇರಲಿ, ನೂರಕ್ಷರದ ವಿಳಾಸವೇ ಇರಲಿ, ಅದೇ 9.6 ಬಿಟ್. ಒಂದು ಕೋಟಿ ಹೆಸರುಗಳು 12 ಮೆಗಾಬೈಟ್‌ನಲ್ಲಿ ಮುಗಿದವು. ತಪ್ಪನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಬೇಕೆಂದರೆ ಹೆಸರಿಗೆ ಇನ್ನು 4.8 ಬಿಟ್ ಸೇರಿಸಿದರೆ ಸಾಕು.

ಈ ಲೆಕ್ಕಗಳೆಲ್ಲ ಹ್ಯಾಶ್‌ಗಳು ಸಮನಾಗಿ ಹರಡುತ್ತವೆ, ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತವೆ ಎಂಬ ನಂಬಿಕೆಯ ಮೇಲೆ ನಿಂತಿವೆ. ನಂಬಿಕೆ ಸುಳ್ಳಾದರೆ ತಪ್ಪು ಲೆಕ್ಕಕ್ಕಿಂತ ಹೆಚ್ಚುತ್ತದೆ. ಹ್ಯಾಶ್‌ಗಳ ನಿಯಮ ಹೊರಗಿನವರಿಗೆ ಗೊತ್ತಿದ್ದರೆ ಇನ್ನೊಂದು ಅಪಾಯವೂ ಇದೆ: ಬೇಕೆಂದೇ ಸುಳ್ಳು ‘ಇದೆ’ ತರುವ ಹೆಸರುಗಳನ್ನು ಲೆಕ್ಕಹಾಕಿ ಕಳಿಸಬಹುದು. 1912ನ್ನು ನಾನು ಹುಡುಕಿದ್ದು ಹಾಗೆಯೇ. 3, 12, 8 ಎಂಬ ಶೇಷಗಳನ್ನು ಮೊದಲು ಆರಿಸಿಕೊಂಡು, ಅವನ್ನು ಕೊಡುವ ಸಂಖ್ಯೆ ಯಾವುದೆಂದು ಹಿಂದಿನಿಂದ ಬಿಡಿಸಿದೆ. ಅದಕ್ಕೆ 7429 ಕೂಡಿಸಿದರೆ ಬರುವ 9341 ಕೂಡ ಇದೇ ಮೂರು ಮನೆಗಳನ್ನು ಮುಟ್ಟುತ್ತದೆ.

ಫಿಲ್ಟರ್ ಹದ ತಪ್ಪಿದೆಯೇ ಎಂದು ತಿಳಿಯಲು ಎರಡು ದಾರಿಗಳಿವೆ. ಒಂದು, ತುಂಬಿದ ಮನೆಗಳನ್ನು ಎಣಿಸುವುದು. ಅತ್ಯುತ್ತಮ ಹ್ಯಾಶ್ ಸಂಖ್ಯೆಯಿಟ್ಟು ಕಟ್ಟಿದ ಸಾಲು ಅರ್ಧಕ್ಕಿಂತ ಬಹಳ ಮೇಲೆ ಹೋಗಿದ್ದರೆ ಅಂದಾಜಿಗಿಂತ ಹೆಚ್ಚು ಹೆಸರು ಒಳಗೆ ಸೇರಿವೆ. ಇನ್ನೊಂದು, ಪಟ್ಟಿಯಲ್ಲಿಲ್ಲವೆಂದು ಖಚಿತವಾಗಿ ಗೊತ್ತಿರುವ ಹೆಸರುಗಳನ್ನೇ ಕೇಳಿ ಎಷ್ಟಕ್ಕೆ ‘ಇದೆ’ ಬರುತ್ತದೆ ಎಂದು ನೋಡುವುದು. ಕಸ್ಸಾಂಡ್ರಾದಲ್ಲಿ `nodetool tablestats` ಎಂದು ಕೇಳಿದರೆ `Bloom filter false ratio` ಎಂಬ ಸಾಲಿನಲ್ಲಿ ಈ ಅಳತೆ ತಾನಾಗಿಯೇ ಸಿಗುತ್ತದೆ. ಅದು ಏರಿದ್ದರೆ ಇದ್ದ ಸಾಲಿಗೇ ನಾಲ್ಕು ಮನೆ ಸೇರಿಸಿ ಸರಿಪಡಿಸಲು ಬರುವುದಿಲ್ಲ. ಮನೆಗಳ ಸಂಖ್ಯೆ ಬದಲಾದರೆ ಶೇಷಗಳೂ ಬದಲಾಗುತ್ತವೆ, ಹಳೆಯ ಗುರುತುಗಳಿಂದ ಹೆಸರುಗಳನ್ನು ಹೊರತೆಗೆಯುವ ದಾರಿಯೂ ಇಲ್ಲ. ದೊಡ್ಡ ಸಾಲೊಂದನ್ನು ಹೊಸದಾಗಿ ಹಾಕಿ, ಮೂಲ ಪಟ್ಟಿಯ ಮೊದಲ ಹೆಸರಿನಿಂದ ಮತ್ತೆ ಗುರುತು ಹಾಕುತ್ತ ಬರಬೇಕು. ಆ ಮೂಲ ಪಟ್ಟಿಯನ್ನು ಎಲ್ಲಾದರೂ ಜೋಪಾನವಾಗಿ ಇಟ್ಟುಕೊಂಡಿರಲೇಬೇಕು.